ಒತ್ತಡ–ಗಾತ್ರದ ಅಂಕಿಗಳಿಂದ n ತೆಗೆಯುವುದು: ಕೆಲಸ ಸುಲಭ, ಉಷ್ಣ ಸೂಕ್ಷ್ಮ

ಸಿಲಿಂಡರ್‌ನಲ್ಲಿ ಗಾಳಿಯನ್ನು ಒತ್ತುವಾಗ ಒತ್ತಡ ಮತ್ತು ಗಾತ್ರದ ಅಂಕಿಗಳು ಸಿಕ್ಕಿದರೆ, ಪಾಲಿಟ್ರೋಪಿಕ್ ಘಾತಾಂಕ n ತೆಗೆಯಲು ನಾನು ಮೊದಲ ಮತ್ತು ಕೊನೆಯ ಬಿಂದುಗಳನ್ನಷ್ಟೇ ನಂಬುವುದಿಲ್ಲ. ಎರಡೇ ಬಿಂದುಗಳಿಂದ ಒಂದು n ಯಾವಾಗಲೂ ಬಂದೇ ಬರುತ್ತದೆ. ನಡುವಿನ ದಾರಿ ನಿಜವಾಗಿಯೂ pVⁿ = ಸ್ಥಿರಾಂಕ ಎಂಬ ನಿಯಮದಂತೆ ಸಾಗಿದೆಯೇ ಎಂಬುದನ್ನು ಅವು ಹೇಳಲಾರವು. ಅದಕ್ಕೆ ನಡುವಿನ ಬಿಂದುಗಳೂ ಬೇಕು.

ಇದೊಂದು ಉದಾಹರಣೆ. ಒತ್ತಡ ನಿರಪೇಕ್ಷ, ಆರಂಭದ ಉಷ್ಣತೆ 300 ಕೆಲ್ವಿನ್.

```
V (cc)   p (kPa)
500      100
400      134
300      194
200      330
125      604
```

ಸ್ಪ್ರೆಡ್‌ಶೀಟ್‌ನಲ್ಲಿ V ಮತ್ತು p ಪಕ್ಕದಲ್ಲಿ ಇನ್ನೆರಡು ಕಾಲಂ ಮಾಡಿ, C ಕಾಲಂನಲ್ಲಿ ln V, D ಕಾಲಂನಲ್ಲಿ ln p ಹಾಕುತ್ತೇನೆ. ಬಿಂದುಗಳು ನೇರ ಗೆರೆಯ ಮೇಲೆ ಕೂತರೆ ಆ ಗೆರೆಯ ಇಳಿಜಾರೇ n, ಚಿಹ್ನೆಯೊಂದನ್ನು ಬದಲಿಸಬೇಕು ಅಷ್ಟೆ:

```
=-SLOPE(D2:D6,C2:C6)
```

ಇಲ್ಲಿ n = 1.298 ಬರುತ್ತದೆ. ಈ ಅಂಕಿಗಳನ್ನು ಒಂದೇ ಹೊಡೆತದಲ್ಲಿ, ಸೆನ್ಸರ್‌ನಿಂದ ನಿರಂತರವಾಗಿ ದಾಖಲಿಸಬೇಕು. ಪ್ರತಿ ಗಾತ್ರದಲ್ಲೂ ಪಿಸ್ಟನ್ ನಿಲ್ಲಿಸಿ ಓದುತ್ತಾ ಹೋದರೆ ಗಾಳಿ ಗೋಡೆಗೆ ಶಾಖ ಬಿಟ್ಟು ತಣಿಯುತ್ತದೆ. ಆಗ n 1ರ ಕಡೆಗೆ ಜಾರುತ್ತದೆ, ನಮಗೆ ಬೇಕಾದ ಪ್ರಕ್ರಿಯೆಯ ಬದಲು ಇನ್ನೊಂದನ್ನು ಅಳೆದಂತಾಗುತ್ತದೆ.

ಇನ್ನು ಕೆಲಸ. kPa ಮತ್ತು cc ಗುಣಿಸಿ 1000ದಿಂದ ಭಾಗಿಸಿದರೆ ನೇರವಾಗಿ ಜೂಲ್. p₁V₁ = 50 ಜೂಲ್, p₂V₂ = 75.5 ಜೂಲ್. ಅನಿಲದ ಮೇಲೆ ನಡೆದ ಕೆಲಸವನ್ನು ಧನ ಎಂದಿಟ್ಟುಕೊಂಡರೆ

W = (p₂V₂ − p₁V₁)/(n − 1) = 25.5/0.298 = 85.6 ಜೂಲ್.

ಇದನ್ನು ಟ್ರೆಪಿಜಾಯ್ಡ್ ವಿಧಾನದಲ್ಲಿ ಒಮ್ಮೆ ತಾಳೆ ನೋಡುತ್ತೇನೆ. ಅಲ್ಲಿ 89.3 ಬರುತ್ತದೆ. ರೇಖೆ ಕೆಳಕ್ಕೆ ಬಾಗಿರುವುದರಿಂದ, ಬಿಂದುಗಳ ನಡುವೆ ಎಳೆದ ನೇರ ಗೆರೆ ಅದಕ್ಕಿಂತ ಮೇಲೇ ಹೋಗುತ್ತದೆ. ಹಾಗಾಗಿ ಐದೇ ಬಿಂದುಗಳಿರುವಾಗ ಸುಮಾರು ಶೇ. 4 ಹೆಚ್ಚು ಬರುವುದು ಸಹಜ. ಟ್ರೆಪಿಜಾಯ್ಡ್ ಉತ್ತರ ಕಡಿಮೆ ಬಂದರೆ ಅನುಮಾನಪಡಬೇಕು.

ಉಷ್ಣಕ್ಕೆ ಮೊದಲು ಆಂತರಿಕ ಶಕ್ತಿ ಬೇಕು. ಗಾಳಿಗೆ γ = 1.4 ಆದ್ದರಿಂದ ΔU = 25.5/0.4 = 63.8 ಜೂಲ್. ದ್ರವ್ಯರಾಶಿ ಹುಡುಕುವ ಅಗತ್ಯವೇ ಇಲ್ಲ. ಕೊನೆಯ ಉಷ್ಣತೆ 300 × 75.5/50 = 453 ಕೆಲ್ವಿನ್. ಈಗ Q = ΔU − W = −21.8 ಜೂಲ್, ಅಂದರೆ ಅಷ್ಟು ಶಾಖ ಗೋಡೆಗೆ ಹೋಗಿದೆ.

ಈ 21.8ನ್ನು ಕೆಲಸದಷ್ಟು ಧೈರ್ಯವಾಗಿ ನಾನು ವರದಿ ಮಾಡುವುದಿಲ್ಲ. ಅದು ಎರಡು ದೊಡ್ಡ ಸಂಖ್ಯೆಗಳ ನಡುವೆ ಉಳಿದ ಚಿಕ್ಕ ವ್ಯತ್ಯಾಸ. ತುದಿಯ ಬಿಂದುಗಳನ್ನು ಹಾಗೇ ಇಟ್ಟು n ಅನ್ನು 1.308 ಮಾಡಿ ನೋಡಿ: ಕೆಲಸ 82.8ಕ್ಕೆ ಇಳಿಯುತ್ತದೆ, ಶೇ. 3ರಷ್ಟು. ಉಷ್ಣ 19.0ಕ್ಕೆ ಇಳಿಯುತ್ತದೆ, ಶೇ. 13ರಷ್ಟು!

n ಕೆಡಿಸುವ ಮೊದಲ ಕಾರಣ ಗೇಜ್ ಒತ್ತಡ. ಮೇಲಿನ ಅಂಕಿಗಳಿಂದ ವಾತಾವರಣದ 100 ಕಳೆದರೆ ಮೊದಲ ಬಿಂದು ಸೊನ್ನೆಯಾಗಿ ಲಾಗ್ ಸಿಗುವುದಿಲ್ಲ. ಅದನ್ನು ಬಿಟ್ಟು ಮುಂದುವರಿದರೆ ಆರಂಭದ ಇಳಿಜಾರು 3.5, ಕೊನೆಯದು 1.7. ಇಷ್ಟು ಬಾಗಿದ ಗೆರೆ ಕಂಡ ಕೂಡಲೇ ಸೆನ್ಸರ್ ಯಾವ ಬಗೆಯದು ಎಂದು ನೋಡಬೇಕು.

ಎರಡನೆಯದು ಕಣ್ಣಿಗೆ ಬೀಳದ್ದು: ಸೆನ್ಸರ್‌ಗೆ ಹೋಗುವ ನಳಿಕೆಯಲ್ಲಿರುವ, ಲೆಕ್ಕಕ್ಕೆ ಸೇರಿಸದ ಗಾಳಿ. ನಿಜವಾದ n 1.298 ಇದ್ದು, 10 cc ಹೀಗೆ ಬಿಟ್ಟುಹೋದರೆ, ಗಾಳಿ ನಿಜವಾಗಿ 510ರಿಂದ 135 ccಗೆ ಇಳಿದಿದ್ದರೂ ನಮ್ಮ ಲೆಕ್ಕ 500ರಿಂದ 125 ಎಂದೇ ಇರುತ್ತದೆ; ಆಗ ತುದಿಗಳ ಲೆಕ್ಕದಲ್ಲಿ n ಸುಮಾರು 1.245 ಎಂದು ಕಾಣುತ್ತದೆ. ಕೆಲಸ 83.2ರ ಬದಲು 82.5 ಜೂಲ್ ಬರುವುದರಿಂದ ಯಾರಿಗೂ ಸಂಶಯ ಬಾರದು. ಹೊರಹೋದ ಉಷ್ಣ ಮಾತ್ರ 21ರಿಂದ 32ಕ್ಕೆ ಜಿಗಿದಿರುತ್ತದೆ. ಲಾಗ್ ರೇಖೆಯಲ್ಲಿ ಹೆಚ್ಚು ಒತ್ತಡದ ತುದಿ ಸ್ವಲ್ಪ ಕೆಳಗೆ ಬಾಗುವುದೇ ಇದರ ಗುರುತು.

ಪಿಸ್ಟನ್ ಉಂಗುರದ ಸೋರಿಕೆಯೂ ಅದೇ ರೀತಿ ಬಾಗಿಸುತ್ತದೆ. ಎರಡನ್ನೂ ಬೇರ್ಪಡಿಸಲು ಪಿಸ್ಟನ್ ಅನ್ನು 500 ccಗೆ ಹಿಂದಕ್ಕೆ ತಂದು, ಗಾಳಿ ಆರಂಭದ ಉಷ್ಣತೆಗೆ ಬರುವವರೆಗೆ ಕಾಯುತ್ತೇನೆ. ಒತ್ತಡ ಮತ್ತೆ 100ಕ್ಕೆ ಬಂದರೆ ಸೋರಿಕೆ ಇಲ್ಲ, ನಳಿಕೆಯ ಗಾತ್ರ ಅಳೆದು ಪ್ರತಿ V ಗೂ ಕೂಡಿಸಬೇಕು. 100ಕ್ಕಿಂತ ಕೆಳಗೇ ನಿಂತರೆ ಗಾಳಿ ಹೊರಹೋಗಿದೆ. ಆಗ ಮುಚ್ಚಿದ ವ್ಯವಸ್ಥೆಯ ಈ ಸೂತ್ರಗಳು ಅನ್ವಯಿಸುವುದಿಲ್ಲ, ಉಂಗುರ ಸರಿಪಡಿಸಿ ಮತ್ತೆ ಅಳೆಯಬೇಕು.