ಅಡುಗೆಯವರಿಗೆ ತಿಂಗಳಿಗೆ ಎಷ್ಟು ಕೊಡಬೇಕು?

ಪಕ್ಕದ ಮನೆಯವರು ಕೊಡುವಷ್ಟೇ ಕೊಟ್ಟರೆ ಆಯ್ತಲ್ವಾ ಅಂತ ಹೊಸದಾಗಿ ಬಂದವರು ಕೇಳುತ್ತಾರೆ. ಆದರೆ ಆ ಮನೆಯಲ್ಲಿ ಎಷ್ಟು ಬಗೆ ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಗಡಿಯಾರದಿಂದ ಶುರು ಮಾಡಿ.

ಮೊದಲ ವಾರ, ಅವರು ಒಳಗೆ ಕಾಲಿಟ್ಟಾಗಿನಿಂದ ಒಲೆಕಟ್ಟೆ ಒರೆಸಿ ಹೊರಡುವವರೆಗಿನ ಹೊತ್ತನ್ನು ಬರೆದಿಡಿ. ದಿನಕ್ಕೆ ಒಂದು ಊಟ, ಮೂರು ಬಗೆ, ಒಂದೂಕಾಲು ಗಂಟೆ ಅಂತ ಇಟ್ಟುಕೊಳ್ಳೋಣ. ಹಿಂದಿನ ಮನೆಯಿಂದ ನಡೆದು ಬರುವ 15 ನಿಮಿಷವನ್ನೂ ಸೇರಿಸಿ. ಆ ಹೊತ್ತಿನಲ್ಲಿ ಅವರಿಗೆ ಬೇರೆ ಯಾರೂ ದುಡ್ಡು ಕೊಡುವುದಿಲ್ಲ. ಒಟ್ಟು ಒಂದೂವರೆ ಗಂಟೆ, 30 ದಿನಕ್ಕೆ 45 ಗಂಟೆ. ವಾರದ ರಜೆಯನ್ನು ಕಳೆಯಬೇಡಿ, ತಿಂಗಳ ಸಂಬಳ ಅಂದರೆ ಅದೂ ಸೇರಿದ್ದೇ. ಲೆಕ್ಕಕ್ಕೆ ಗಂಟೆಗೆ 100 ಅಂತ ಹಿಡಿದರೆ 4500 ಆಯಿತು. ಈ 100ರ ಜಾಗದಲ್ಲಿ ನಿಮ್ಮಲ್ಲಿನ ದರ ಹಾಕಿಕೊಳ್ಳಿ. ಪೂರ್ತಿ ದಿನ ಒಂದೇ ಕಡೆ ದುಡಿಯುವವರ ಗಂಟೆಯ ಕೂಲಿಗಿಂತ ಅದು ತುಸು ಜಾಸ್ತಿಯೇ ಇರಬೇಕು. ಯಾಕೆಂದರೆ ಇವರ ದಿನದಲ್ಲಿ ಖಾಲಿ ಹೋಗುವ ಹೊತ್ತು ಬಹಳ.

ಅದೇ ಕಟ್ಟಡದಲ್ಲಿ ಅವರಿಗೆ ಇನ್ನೂ ಮೂರು ಮನೆ ಇದ್ದರೆ ನಡಿಗೆ ಐದೇ ನಿಮಿಷ. ಆಗ 40 ಗಂಟೆ, 4000 ಸಾಕು. ನಿಮ್ಮೊಬ್ಬರಿಗಾಗಿಯೇ ದೂರದಿಂದ ಬರುವುದಾದರೆ ಓಡಾಟದ ಪೂರ್ತಿ ಹೊತ್ತು ನಿಮ್ಮ ಲೆಕ್ಕಕ್ಕೇ.

ಬಗೆಗಳ ಲೆಕ್ಕದಲ್ಲೇ ಎಲ್ಲರೂ ಎಡವುವುದು. ಮೂರು ಬಗೆಗೆ 75 ನಿಮಿಷ ಅಂದರೆ ನಾಲ್ಕನೆಯದಕ್ಕೆ 25 ಅಂತಲ್ಲ. ಒಂದು ಬೇಯುವಾಗ ಇನ್ನೊಂದಕ್ಕೆ ಹೆಚ್ಚಿಕೊಳ್ಳುತ್ತಾರೆ, ಹಾಗಾಗಿ 15 ನಿಮಿಷದಲ್ಲಿ ಮುಗಿಯಬಹುದು. ಅಷ್ಟಕ್ಕೂ ತಿಂಗಳಿಗೆ ಏಳೂವರೆ ಗಂಟೆ, 750 ಜಾಸ್ತಿ. ಆದರೆ ಒಲೆಯಲ್ಲಿ ಎರಡೇ ಉರಿ ಇದ್ದರೆ ನಾಲ್ಕನೆಯದು ಉರಿ ಖಾಲಿಯಾಗುವವರೆಗೆ ಕಾಯಬೇಕು, ಆಗ 25 ನಿಮಿಷವೇ ಹಿಡಿಯುತ್ತದೆ. ಹೆಂಚಿನ ಮೇಲೆ ಒಂದೊಂದಾಗಿ ಬೇಯಿಸುವುದಕ್ಕಂತೂ ಬಗೆಯ ಲೆಕ್ಕ ಸಲ್ಲದು, ಎಷ್ಟು ಜನ ಅನ್ನೋದೇ ಮುಖ್ಯ.

ನಮ್ಮ ಮನೆಯಲ್ಲಿ "ಸುಮ್ನೆ ಇನ್ನೊಂದು ಸಣ್ಣದು" ಅಂತ ನಾವೇ ಸೇರಿಸಿಕೊಂಡು ಹೋದೆವು. ಸಂಬಳದ ಮಾತೇ ಎತ್ತಲಿಲ್ಲ. ಎರಡನೇ ತಿಂಗಳಿಗೆ ತರಕಾರಿ ಹೋಳು ದಪ್ಪವಾಯಿತು, ನಡುವೆ ಬೇಯದೇ ಉಳಿಯಿತು, ಒಲೆಕಟ್ಟೆ ಒರೆಸುವುದು ನಿಂತಿತು. ಅವರ ಸೋಮಾರಿತನ ಅಂದುಕೊಂಡಿದ್ದೆ. ಗಡಿಯಾರ ನೋಡಿದರೆ, ಮುಂದಿನ ಮನೆಗೆ ದಿನಾ 20 ನಿಮಿಷ ತಡವಾಗಿ ಹೋಗುತ್ತಿದ್ದರು.

ನೆಂಟರು ಬಂದ ದಿನದ್ದನ್ನು ತಿಂಗಳ ಸಂಬಳದಲ್ಲಿ ಸೇರಿಸಬೇಡಿ. ಹೆಚ್ಚಿಗೆ ಹಿಡಿದ ಹೊತ್ತಿಗೆ ಒಂದೂವರೆ ಪಟ್ಟು ದರ ಹಾಕಿ ಅವತ್ತೇ ಕೊಟ್ಟುಬಿಡಿ. ಹಿಂದಿನ ದಿನವೇ ಹೇಳಿದರೆ ಮುಂದಿನ ಮನೆಯವರಿಗೂ ಅವರು ತಿಳಿಸಿಟ್ಟುಕೊಳ್ಳಬಹುದು.