ಮಷೀನ್ ತಗೊಳ್ಳೋದಾ, ಲಾಂಡ್ರಿಗೆ ಕೊಡೋದಾ? ಒಂದು ಒಗೆತದ ಲೆಕ್ಕ

ನನ್ನ ತಂಗಿ ಮಗಳು ಮದುವೆಯಾಗಿ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದಾಳೆ. ಮೊನ್ನೆ ಬಂದವಳು, "ದೊಡ್ಡಮ್ಮಾ, ಹದಿನೇಳು ಸಾವಿರ ಕೊಟ್ಟು ಮಷೀನ್ ಯಾಕೆ? ಲಾಂಡ್ರಿಯಲ್ಲಿ ಕೆಜಿಗೆ 70 ರೂಪಾಯಿ ಅಷ್ಟೇ" ಅಂದಳು. ಸರಿ, ಪೆನ್ನು ತಗೋ ಅಂದೆ.

ಮೊದಲು ನಿನ್ನ ಬಟ್ಟೆ ತೂಗು ಅಂದೆ. ಬಚ್ಚಲಲ್ಲಿ ಬಿದ್ದಿರೋ ರಾಶಿ ಎಷ್ಟು ಕೆಜಿ ಅಂತ ಯಾರಿಗೂ ಅಂದಾಜು ಇರಲ್ಲ. ಒಂದು ಜೀನ್ಸ್ ಪ್ಯಾಂಟೇ ಮುಕ್ಕಾಲು ಕೆಜಿ ಹತ್ತಿರ ಬರುತ್ತೆ, ಡಬಲ್ ಬೆಡ್‌ಶೀಟ್ ಅದಕ್ಕೂ ಜಾಸ್ತಿ. ಇಬ್ಬರ ಮೂರು ದಿನದ ಬಟ್ಟೆ, ಟವಲ್, ಒಂದು ಬೆಡ್‌ಶೀಟ್ ಸೇರಿ ನಾಲ್ಕೂವರೆ ಕೆಜಿ ಆಯಿತು. ಲಾಂಡ್ರಿಗೆ ಕೊಟ್ಟರೆ 315 ರೂಪಾಯಿ, ಅದೂ ಇಸ್ತ್ರಿ ಇಲ್ಲದೆ. ಹುಡುಗಿ ಮುಖ ಸಣ್ಣದಾಯಿತು.

ಈಗ ಮಷೀನ್ ಕಡೆ. ಏಳು ಕೆಜಿಯ ಟಾಪ್ ಲೋಡ್ 17,000. ಸ್ಟ್ಯಾಂಡು, ನಲ್ಲಿ, ಪೈಪು ಅಂತ 1,500. ಎಂಟು ವರ್ಷ ಬಾಳುತ್ತೆ ಅಂತ ಇಟ್ಟುಕೊಳ್ಳೋಣ, ಅಷ್ಟರಲ್ಲಿ ರಿಪೇರಿಗೆ 5,000 ಎತ್ತಿಡಲೇಬೇಕು. ನಮ್ಮನೆಯಲ್ಲಿ ಒಂದು ಸಲ ಅಡಿಯಿಂದ ಇಲಿ ನುಗ್ಗಿ ವೈರ್ ಕಡಿದು ಹಾಕಿತ್ತು, ಆವತ್ತೇ 2,800 ಹೋಯಿತು, ಆಮೇಲೆ ಅಡಿಗೆ ಜಾಲರಿ ಹಾಕಿಸಿದೆವು (ನೀವು ಮೊದಲೇ ಹಾಕಿಸಿ). ಕೊನೆಗೆ ಗುಜರಿಗೋ ಎಕ್ಸ್‌ಚೇಂಜಿಗೋ ಕೊಟ್ಟರೆ 1,500 ವಾಪಸ್ ಬರಬಹುದು. ಒಟ್ಟು 22,000. ವಾರಕ್ಕೆ ಎರಡು ಸಲ ಒಗೆದರೆ ವರ್ಷಕ್ಕೆ ನೂರು, ಎಂಟು ವರ್ಷಕ್ಕೆ ಎಂಟುನೂರು ಒಗೆತ. ಅಂದರೆ ಒಂದು ಒಗೆತಕ್ಕೆ ಮಷೀನಿನ ಪಾಲು ಇಪ್ಪತ್ತೇಳೂವರೆ ರೂಪಾಯಿ.

ಅದರ ಮೇಲೆ ಸೋಪಿನ ಪುಡಿ ಒಂಬತ್ತು ರೂಪಾಯಿ. ನಮ್ಮದು ಬೋರ್‌ವೆಲ್ ನೀರು, ಡ್ರಮ್ಮಿಗೆ ಬಿಳಿ ಪೊರೆ ಕಟ್ಟುತ್ತೆ, ಮೂರು ತಿಂಗಳಿಗೊಮ್ಮೆ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಮಷೀನ್ ತಿರುಗಿಸಬೇಕು, ಅದರ ಪಾಲು ನಾಲ್ಕು ರೂಪಾಯಿ. ಕರೆಂಟು ಅಂತ ಎಲ್ಲರೂ ಹೆದರುತ್ತಾರೆ, ಆದರೆ ತಣ್ಣೀರಲ್ಲಿ ಒಗೆದರೆ ಟಾಪ್ ಲೋಡಿಗೆ ಸಾಮಾನ್ಯವಾಗಿ ಅರ್ಧ ಯೂನಿಟ್ಟೂ ಹೋಗಲ್ಲ, ಸುಮಾರು ಎರಡು ರೂಪಾಯಿ. ಗೃಹಜ್ಯೋತಿ ಇದ್ದರೆ ಅದೂ ಬಿಲ್ಲಲ್ಲಿ ಕಾಣದೆ ಇರಬಹುದು. ಬಿಸಿನೀರಿನ ಬಟನ್ ಒತ್ತಿದರೆ ಮಾತ್ರ ಕರೆಂಟು ಎಳೆಯುತ್ತೆ, ನೀರು ಕಾಯಿಸೋ ಕೆಲಸ ದೊಡ್ಡದು, ತಿರುಗಿಸೋ ಕೆಲಸ ಸಣ್ಣದು.

ಎಲ್ಲ ಸೇರಿಸಿದರೆ 43 ರೂಪಾಯಿ ಹತ್ತಿರ. ಆ ಕಡೆ 315. ಎಪ್ಪತ್ತೈದನೇ ಒಗೆತದ ಹೊತ್ತಿಗೆ, ಅಂದರೆ ಒಂಬತ್ತು ತಿಂಗಳೊಳಗೆ, ಮಷೀನಿನ ಪೂರ್ತಿ ದುಡ್ಡು ಗಿಟ್ಟಿಬಿಡುತ್ತೆ.

ಹಾಗಂತ ಎಲ್ಲರಿಗೂ ಇದೇ ಲೆಕ್ಕ ಅಲ್ಲ. ನಮ್ಮ ಮಹಡಿ ಮೇಲಿರೋ ಹುಡುಗ ಆರು ತಿಂಗಳ ಕೆಲಸಕ್ಕೆ ಬಂದವನು, ವಾರಕ್ಕೆ ಒಂದೇ ಸಲ, ಮೂರು ಕೆಜಿ. ಅವನು ಹೊಸ ಮಷೀನ್ ತಂದು ಹೋಗುವಾಗ ಹತ್ತು ಸಾವಿರಕ್ಕೆ ಮಾರಿದರೂ 8,500 ಕಳೆದುಕೊಂಡ ಹಾಗೆ. ಇಪ್ಪತ್ತೈದು ಒಗೆತಕ್ಕೆ ಹಂಚಿದರೆ ತಲಾ 340, ಪುಡಿ ಕರೆಂಟು ಬೇರೆ. ಲಾಂಡ್ರಿಯಲ್ಲಿ 210ಕ್ಕೆ ಮುಗಿಯುತ್ತೆ. ಅವನಿಗೆ ಸುಮ್ನೆ ಲಾಂಡ್ರಿಗೇ ಕೊಡಪ್ಪಾ ಅಂದೆ.

ಇನ್ನು ನಮ್ಮೂರ ಮಳೆ. ಕಡೂರಲ್ಲಿ ಮಧ್ಯಾಹ್ನಕ್ಕೇ ಗರಿಗರಿಯಾಗುತ್ತಿದ್ದ ಬಟ್ಟೆ ಇಲ್ಲಿ ಜುಲೈನಲ್ಲಿ ಮೂರು ದಿನ ನೇತಾಡಿದರೂ ತೇವ ತೇವ. ಮಷೀನಿನ ಸ್ಪಿನ್ ನೀರು ಹಿಂಡುತ್ತೆ ಅಷ್ಟೇ, ಒಣಗಿಸಲ್ಲ. ಮುಗ್ಗಲು ವಾಸನೆ ಬಂತು ಅಂತ ಮತ್ತೆ ಒಗೆದರೆ ನಿಮ್ಮ 43 ರೂಪಾಯಿ 58 ಆಯಿತು, ಮಷೀನ್ ಸವೆದಿದ್ದು ಬೇರೆ. ಅದಕ್ಕೇ ಅವಳಿಗೆ ಹೇಳಿದೆ, ಜೂನ್‌ನಿಂದ ಆಗಸ್ಟ್‌ವರೆಗೆ ತೆಳ್ಳನೆಯದು ಮನೆಯಲ್ಲಿ ಒಗೆದು ಫ್ಯಾನ್ ಕೆಳಗೆ ಹಾಕು, ಜೀನ್ಸು, ಟವಲ್ಲು, ಬೆಡ್‌ಶೀಟು ಮಾತ್ರ ಡ್ರೈಯರ್ ಇರೋ ಲಾಂಡ್ರಿಗೆ ಹದಿನೈದು ದಿನಕ್ಕೊಮ್ಮೆ ನಾಲ್ಕು ಕೆಜಿ ಕಟ್ಟಿ ಕೊಡು. ತೂಕದ ಬಟ್ಟೆ ಮಾತ್ರ ಹೋಗೋದರಿಂದ ಮೂರು ತಿಂಗಳಿಗೆ 1,680 ಬೀಳುತ್ತೆ, ವರ್ಷದ ನೂರು ಒಗೆತಕ್ಕೆ ಹಂಚಿದರೆ ತಲಾ ಹದಿನೇಳು ರೂಪಾಯಿ. ಆಗಲೂ ಅರವತ್ತೇ ಅಲ್ವಾ?

ಅವಳ ಗಂಡ ಒಗೆದು ಒಣಗಿಸೋ ಮಷೀನೇ ತಗೊಳ್ಳೋಣ ಅಂತಿದ್ದಾನಂತೆ. ಬೆಲೆ ದುಪ್ಪಟ್ಟಿಗಿಂತ ಜಾಸ್ತಿ, ಒಣಗಿಸೋಕೆ ಕರೆಂಟು ಒಗೆಯೋದರ ಎಷ್ಟೋ ಪಟ್ಟು, ಎಂಟು ಕೆಜಿ ಒಗೆದರೂ ಒಂದೇ ಸಲಕ್ಕೆ ಅಷ್ಟನ್ನೂ ಒಣಗಿಸಲ್ಲ. ಮೂರು ತಿಂಗಳ ಮಳೆಗೆ ಅದು ಬೇಡ ಅಂದೆ. ಕಂಬಳಿ, ರಗ್ಗು ಬೇಸಿಗೆಗೆ ನಮ್ಮನೆ ಕಲ್ಲಿಗೇ ತಂದು ಒಗೆಯಲಿ.