ಬಿಲ್‌ನಲ್ಲಿ 2% ಡಿಸ್ಕೌಂಟ್ ಇದ್ರೆ ಈ ಲೆಕ್ಕ ಹಾಕಿ ನೋಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೆ ಈ ಮಾತು. ಡೆನಿಮ್ ಬಟ್ಟೆಯ ಬಿಲ್ 1,00,000 ರೂಪಾಯಿ ಅಂದುಕೊಳ್ಳಿ. 10 ದಿನದೊಳಗೆ ಕಟ್ಟಿದರೆ 2% ಕಡಿತ, ಇಲ್ಲಾಂದ್ರೆ 30 ದಿನಕ್ಕೆ ಪೂರ್ತಿ ಹಣ. ಎರಡೇ ಪರ್ಸೆಂಟ್ ತಾನೇ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ.

ಆದರೆ ನಿಜವಾದ ಬೆಲೆ 98,000. ಅದನ್ನು ಇನ್ನೂ 20 ದಿನ ಇಟ್ಟುಕೊಳ್ಳಲು ನೀವು 2,000 ಬಡ್ಡಿ ಕೊಡುತ್ತಿದ್ದೀರಿ. 2,000 ಭಾಗ 98,000 ಅಂದ್ರೆ 2.04%. ವರ್ಷದಲ್ಲಿ ಇಂಥ 20 ದಿನಗಳು 18.25 ಸಲ ಬರುತ್ತವೆ. ಗುಣಿಸಿದರೆ ವರ್ಷಕ್ಕೆ ಸುಮಾರು 37.2%! ಚಕ್ರಬಡ್ಡಿ ಲೆಕ್ಕದಲ್ಲಿ ಇನ್ನೂ ಜಾಸ್ತಿ.

ನಿಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್, ಅಂದ್ರೆ ಓಡಿ ಸಾಲದ ಬಡ್ಡಿ ವರ್ಷಕ್ಕೆ 12% ಇದ್ದರೆ, 98,000ಕ್ಕೆ 20 ದಿನದ ಬಡ್ಡಿ ಸುಮಾರು 644 ರೂಪಾಯಿ. ಓಡಿಯಿಂದ ತೆಗೆದು ಕಟ್ಟಿದರೂ 1,356 ಉಳಿಯುತ್ತದೆ. ಹಾಗಂತ ಮೂರನೇ ದಿನವೇ ಕಟ್ಟಬೇಡಿ, ಕಡಿತ ಅಷ್ಟೇ ಸಿಗೋದು. ಹತ್ತನೇ ದಿನದವರೆಗೆ ಹಣ ನಿಮ್ಮ ಹತ್ತಿರವೇ ಇರಲಿ.

ವ್ಯಾಪಾರಿ 60 ದಿನದವರೆಗೂ ಸುಮ್ನಿರುತ್ತಾರೆ ಅಂದ್ರೆ ಲೆಕ್ಕ ಬದಲಾಗುತ್ತದೆ. ಆಗ ಅವಧಿ 50 ದಿನ, ವರ್ಷದ ದರ ಸುಮಾರು 14.9%. ಆಗಲೂ 12% ಓಡಿಯೇ ಅಗ್ಗ. ಹತ್ತು ದಿನ ಬಿಲ್ ತಾರೀಖಿನಿಂದಲೋ, ಮಾಲು ಬಂದ ದಿನದಿಂದಲೋ ಅಂತ ಮೊದಲೇ ಕೇಳಿಕೊಳ್ಳಿ.